ಒಂದು ಕರಡು, ನಾಲ್ವರ ತಿದ್ದುಪಡಿ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ನಿವಾಸಿಗಳ ಸಂಘಗಳು, ಸಣ್ಣ ಟ್ರಸ್ಟುಗಳು, ಸಹಕಾರ ಸಂಘಗಳು ಹೊರತರುವ ಕೈಪಿಡಿ ಮತ್ತು ವರದಿಗಳ ಕರಡನ್ನು ಒಟ್ಟುಗೂಡಿಸುವುದು ನನ್ನ ಕೆಲಸ. ಬರೆಯುವವರು ಒಬ್ಬರು, ಓದಿ ತಿದ್ದುವವರು ಮೂವರೋ ಐವರೋ. ಅವರ ಮಾತುಗಳು ಒಂದಕ್ಕೊಂದು ಹೊಂದದಿದ್ದಾಗ ಏನು ಮಾಡಬೇಕು ಎಂದು ಹಲವರು ಕೇಳುತ್ತಾರೆ. ಕೆಳಗಿನ ಉತ್ತರಗಳಿಗೆಲ್ಲ ಒಂದೇ ಉದಾಹರಣೆಯನ್ನು ಇಟ್ಟುಕೊಂಡಿದ್ದೇನೆ. ಅದು ಮಳೆನೀರು ಸಂಗ್ರಹದ ಬಗ್ಗೆ ಒಂದು ವಸತಿ ಸಮುಚ್ಚಯದ ಸಂಘವು ತನ್ನ ಸದಸ್ಯರಿಗಾಗಿ ಸಿದ್ಧಪಡಿಸಿದ 28 ಪುಟಗಳ ಕೈಪಿಡಿ. ಅದನ್ನು ಇಬ್ಬರು ಎಂಜಿನಿಯರುಗಳು, ನಿವೃತ್ತ ಕನ್ನಡ ಉಪನ್ಯಾಸಕಿಯೊಬ್ಬರು ಮತ್ತು ಸಂಘದ ಖಜಾಂಚಿ ಪರಿಶೀಲಿಸಿದರು. ವರ್ಡ್ ತಂತ್ರಾಂಶವನ್ನು ಬಳಸಿದ್ದರಿಂದ ಅದರ ಆಜ್ಞೆಗಳನ್ನು ಪರದೆಯ ಮೇಲೆ ಕಾಣುವ ಹಾಗೆಯೇ ಕೊಟ್ಟಿದ್ದೇನೆ.

ಒಂದೇ ಫೈಲನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುವುದೋ, ಎಲ್ಲರಿಗೂ ಒಂದೊಂದು ಪ್ರತಿ ಕೊಡುವುದೋ?

ಎಲ್ಲರಿಗೂ ಅದೇ ಆವೃತ್ತಿಯ ಒಂದೊಂದು ಪ್ರತಿಯನ್ನು ಅದೇ ದಿನ ಕೊಡಿ. ದಾಟಿಸುವ ಪದ್ಧತಿ ಸುಲಭವಾಗಿ ಕಾಣುತ್ತದೆ, ಆದರೆ ಎರಡನೆಯವರು ನಿಮ್ಮ ಕರಡನ್ನು ಓದುವುದಿಲ್ಲ, ಮೊದಲನೆಯವರ ಕೆಂಪು ಗೆರೆಗಳನ್ನು ಓದುತ್ತಾರೆ. ಒಬ್ಬರು ಪ್ರಶ್ನೆ ಎತ್ತಿದ ಜಾಗದಲ್ಲೇ ಎಲ್ಲರೂ ನಿಲ್ಲುತ್ತಾರೆ. ಉಳಿದ ಇಪ್ಪತ್ತು ಪುಟಗಳ ಮೇಲೆ ಯಾರ ಕಣ್ಣೂ ಬೀಳುವುದಿಲ್ಲ. ನಾಲ್ವರು ಬೇರೆ ಬೇರೆಯಾಗಿ ಓದಿ ಅದೇ ಸಾಲಿನಲ್ಲಿ ಎಡವಿದರೆ ಆ ಸಾಲಿನಲ್ಲಿ ನಿಜವಾಗಿಯೂ ತೊಂದರೆ ಇದೆ ಎಂದು ನಂಬಬಹುದು. ದಾಟಿಸಿದ ಫೈಲಿನಲ್ಲಿ ಈ ಸುಳಿವು ಸಿಗುವುದಿಲ್ಲ.

ಬೇರೆ ಬೇರೆ ಪ್ರತಿ ಕೊಟ್ಟರೆ ಒಟ್ಟುಗೂಡಿಸುವ ಕೆಲಸ ನಿಮ್ಮ ಪಾಲಿಗೆ ಬರುತ್ತದೆ. 28 ಪುಟಕ್ಕೆ ನಾಲ್ಕು ಪ್ರತಿಗಳಾದರೆ ಒಂದು ಇಡೀ ದಿನ ಹಿಡಿಯುತ್ತದೆ. ಆ ದಿನವನ್ನು ಮೊದಲೇ ವೇಳಾಪಟ್ಟಿಯಲ್ಲಿ ಬರೆದಿಡಿ.

ಫೈಲಿಗೆ ಹೇಗೆ ಹೆಸರಿಡಬೇಕು?

ನಮ್ಮ ಕೈಪಿಡಿಯ ಫೈಲುಗಳ ಹೆಸರು ಹೀಗಿದ್ದವು:

```
maleneeru_v03_2024-06-10.docx
maleneeru_v03_2024-06-10_ENG1.docx
maleneeru_v03_2024-06-10_ENG2.docx
maleneeru_v03_2024-06-10_KAN.docx
maleneeru_v03_2024-06-10_KHA.docx
maleneeru_v03_merged.docx
maleneeru_v04_2024-06-24.docx
```

ಇಲ್ಲಿ ಎಲ್ಲಕ್ಕಿಂತ ಮುಖ್ಯವಾದ ನಿಯಮ ಒಂದೇ: ಆವೃತ್ತಿಯ ಸಂಖ್ಯೆಯನ್ನು ಏರಿಸುವ ಹಕ್ಕು ಕರಡು ಕಾಯುವ ಒಬ್ಬರಿಗೆ ಮಾತ್ರ ಇರಬೇಕು. ಪರಿಶೀಲಕರು ಸಂಖ್ಯೆಯನ್ನೂ ದಿನಾಂಕವನ್ನೂ ಮುಟ್ಟದೆ, ಕೊನೆಯಲ್ಲಿ ತಮ್ಮ ಗುರುತನ್ನು ಮಾತ್ರ ಸೇರಿಸುತ್ತಾರೆ. ಇದರಿಂದ ಹೆಸರನ್ನು ನೋಡಿದ ಕೂಡಲೇ ಎರಡು ಸಂಗತಿ ತಿಳಿಯುತ್ತವೆ. ಈ ಪ್ರತಿ ಯಾವ ಮೂಲದಿಂದ ಹೊರಟಿತು ಎನ್ನುವುದು ಒಂದು, ಯಾರ ಕೈ ಮುಟ್ಟಿ ಬಂತು ಎನ್ನುವುದು ಇನ್ನೊಂದು. ಒಬ್ಬ ಎಂಜಿನಿಯರ್ ತಾವೇ ಮುಂದಾಗಿ v04 ಎಂದು ಹೆಸರಿಟ್ಟು ಕಳಿಸಿದರೆ, ಅದೇ ದಿನ ಖಜಾಂಚಿಯವರಿಂದಲೂ ಒಂದು v04 ಬರುತ್ತದೆ. ಆಮೇಲೆ ಎರಡರಲ್ಲಿ ಯಾವುದು ಯಾವುದರ ಮೇಲೆ ನಿಂತಿದೆ ಎಂದು ಹೇಳಲು ಯಾರಿಂದಲೂ ಆಗುವುದಿಲ್ಲ.

ದಿನಾಂಕದಲ್ಲಿ ವರ್ಷ ಮೊದಲು, ತಿಂಗಳು ಆಮೇಲೆ, ದಿನ ಕೊನೆಗೆ ಬರಬೇಕು. ಹಾಗಿದ್ದರೆ ಫೋಲ್ಡರಿನಲ್ಲಿ ಫೈಲುಗಳು ತಾವಾಗಿಯೇ ಕಾಲಾನುಕ್ರಮದಲ್ಲಿ ಕೂರುತ್ತವೆ. 3ರ ಬದಲು 03 ಎಂದು ಬರೆಯುವುದೂ ಇದಕ್ಕಾಗಿಯೇ; ಇಲ್ಲದಿದ್ದರೆ ಕೆಲವೆಡೆ v10 ಎನ್ನುವುದು v2ಕ್ಕಿಂತ ಮೊದಲು ಬಂದು ನಿಲ್ಲುತ್ತದೆ. `final` ಎಂಬ ಪದವನ್ನು ಯಾವ ಹಂತದಲ್ಲೂ ಬಳಸಬೇಡಿ. ಮುದ್ರಣಕ್ಕೆ ಹೋಗುವ ಪ್ರತಿಗೆ `v07_press` ಎಂದಿಡಿ. ಅದು ಎಲ್ಲಿಗೆ ಹೋಯಿತು ಎಂಬುದು ಘಟನೆ, ಅದರಲ್ಲಿ ಸಂಶಯವಿಲ್ಲ. ಕೊನೆಯದು ಎನ್ನುವುದು ಬರೀ ಆಸೆ.

ಕಳಿಸುವ ಮೊದಲು ಪ್ರತಿಯಲ್ಲಿ ಏನು ಸಿದ್ಧತೆ ಮಾಡಬೇಕು?

ಪರಿಶೀಲಕರು ಟ್ರ್ಯಾಕ್ ಚೇಂಜಸ್ ಹಾಕಿಕೊಳ್ಳಲು ಮರೆಯುತ್ತಾರೆ. ಅದನ್ನು ಅವರ ನೆನಪಿಗೆ ಬಿಡದೆ ಫೈಲಿನಲ್ಲೇ ಕಟ್ಟಿಹಾಕಿ ಕೊಡಿ. Review > Restrict Editing ತೆರೆದು, ಅನುಮತಿಸುವ ಕೆಲಸವಾಗಿ Tracked changes ಆರಿಸಿ, ರಕ್ಷಣೆಯನ್ನು ಚಾಲೂ ಮಾಡಿದರೆ ಅವರು ಮುಟ್ಟಿದ್ದೆಲ್ಲ ಗುರುತಾಗುತ್ತದೆ. ಗುಪ್ತಪದವನ್ನು ನೀವು ಬರೆದಿಟ್ಟುಕೊಳ್ಳಿ, ಒಟ್ಟುಗೂಡಿಸುವ ಮೊದಲು ಪ್ರತಿ ಪ್ರತಿಯಲ್ಲೂ ಅದನ್ನು ತೆಗೆಯಬೇಕಾಗುತ್ತದೆ.

ಜೊತೆಗೆ ಪತ್ರದಲ್ಲಿ ಎರಡು ಕೋರಿಕೆಗಳನ್ನು ಬರೆಯಿರಿ. ಒಂದು ಪ್ಯಾರಾವನ್ನು ಬೇರೆ ಪುಟಕ್ಕೆ ಒಯ್ಯಬೇಕು ಎನಿಸಿದರೆ ಒಯ್ಯಬೇಡಿ, ಪಕ್ಕದಲ್ಲಿ ಟಿಪ್ಪಣಿ ಬರೆಯಿರಿ ಎನ್ನುವುದು ಮೊದಲನೆಯದು. ಒಬ್ಬರು ಎತ್ತಿ ಬೇರೆಡೆ ಇಟ್ಟ ಪ್ಯಾರಾದೊಳಗೆ ಇನ್ನೊಬ್ಬರು ಹಳೆಯ ಜಾಗದಲ್ಲೇ ಪದಗಳನ್ನು ತಿದ್ದಿದ್ದರೆ, ಎರಡನ್ನೂ ಕೂಡಿಸುವುದು ಕೈಕೆಲಸವಾಗಿಬಿಡುತ್ತದೆ. ಎರಡನೆಯ ಕೋರಿಕೆ ಕನ್ನಡಕ್ಕೇ ಸೇರಿದ್ದು, ಅದನ್ನು ಮುಂದೆ ಹೇಳುತ್ತೇನೆ.

ನಾಲ್ಕು ಪ್ರತಿಗಳನ್ನು ಒಂದಾಗಿಸುವುದು ಹೇಗೆ?

Review > Compare > Combine. ಮೂಲದ ಜಾಗದಲ್ಲಿ v03, ತಿದ್ದಿದ ಪ್ರತಿಯ ಜಾಗದಲ್ಲಿ ENG1 ಕೊಡಿ. More ಒತ್ತಿ, ಬದಲಾವಣೆಗಳನ್ನು Word level ಆಗಿ ಮತ್ತು New document ಒಳಗೆ ತೋರಿಸಲು ಹೇಳಿ. ಬಂದ ಫಲಿತಾಂಶವನ್ನು merged ಎಂದು ಉಳಿಸಿ. ಈಗ ಆ merged ಪ್ರತಿಯನ್ನು ಮೂಲದ ಜಾಗದಲ್ಲಿಟ್ಟು ENG2 ಸೇರಿಸಿ, ಹೀಗೆಯೇ ಮುಂದುವರಿಯಿರಿ. ಒಂದು ಸಲಕ್ಕೆ ಎರಡು ಫೈಲು ಮಾತ್ರ ಸೇರುತ್ತವೆ, ಹಾಗಾಗಿ ನಾಲ್ವರಿಗೆ ನಾಲ್ಕು ಸಲ. ಪ್ರತಿ ಸಲವೂ ಗುರುತುಗಳು ಆಯಾ ವ್ಯಕ್ತಿಯ ಹೆಸರಿನಲ್ಲೇ ಉಳಿದಿವೆಯೇ ಎಂದು ನೋಡಿಕೊಳ್ಳಿ. ಎಲ್ಲವೂ `Author` ಎಂದು ಕಂಡರೆ, ಆ ಪ್ರತಿಯನ್ನು ಉಳಿಸುವಾಗ ವೈಯಕ್ತಿಕ ಮಾಹಿತಿ ಅಳಿಸಿಹೋಗುವಂತೆ ಯಾರೋ ಹೊಂದಿಸಿದ್ದಾರೆ ಎಂದರ್ಥ.

ಅಕ್ಷರದ ಗಾತ್ರ, ದಪ್ಪ, ಅಂಚು ಇತ್ಯಾದಿ ರೂಪದ ಬದಲಾವಣೆಗಳಲ್ಲಿ ವರ್ಡ್ ಒಂದು ಪ್ರತಿಯದನ್ನು ಮಾತ್ರ ಇಟ್ಟುಕೊಳ್ಳುತ್ತದೆ, ಯಾರದ್ದು ಎಂದು ಕೇಳುತ್ತದೆ. ಯಾವಾಗಲೂ ಮೂಲದ ರೂಪವನ್ನೇ ಉಳಿಸಿಕೊಳ್ಳಿ. ಕರಡಿನ ಹಂತದಲ್ಲಿ ಪರಿಶೀಲಕರು ಮಾಡಿದ ಅಲಂಕಾರಕ್ಕೆ ಬೆಲೆಯಿಲ್ಲ.

ಒಬ್ಬರು ಗುರುತೇ ಇಲ್ಲದೆ ತಿದ್ದಿ ಕಳಿಸಿದ್ದಾರೆ. ಅದನ್ನು ಬಿಟ್ಟುಬಿಡಬೇಕೇ?

ಬೇಡ. Review > Compare > Compare ತೆರೆದು v03ರ ಜೊತೆ ಅವರ ಪ್ರತಿಯನ್ನು ಹೋಲಿಸಿ. ವ್ಯತ್ಯಾಸವೆಲ್ಲ ಗುರುತಾಗಿ ಹೊರಬೀಳುತ್ತದೆ. Label changes with ಎಂಬಲ್ಲಿ ಅವರ ಹೆಸರನ್ನು ಟೈಪ್ ಮಾಡಿದರೆ ಗುರುತು ಅವರ ಹೆಸರಿಗೇ ಸೇರುತ್ತದೆ. ಅವರು ಯಾವ ಕ್ರಮದಲ್ಲಿ, ಯಾವ ದಿನ ತಿದ್ದಿದರು ಎಂಬುದು ಮಾತ್ರ ಮರಳಿ ಬಾರದು. ಈ ದಾರಿ ತೆರೆದಿರುವುದು ನೀವು ಕಳಿಸಿದ v03 ಅಕ್ಷರವೂ ಬದಲಾಗದೆ ನಿಮ್ಮ ಬಳಿ ಇದ್ದಾಗ ಮಾತ್ರ. ಆದ್ದರಿಂದ ಹೊರಗೆ ಹೋದ ಪ್ರತಿ ಆವೃತ್ತಿಯನ್ನೂ ಅದೇ ಗಳಿಗೆಯಲ್ಲಿ ಓದಲು ಮಾತ್ರ ಬರುವಂತೆ ಮಾಡಿ, ಬೇರೆ ಫೋಲ್ಡರಿನಲ್ಲಿಡಿ.

ಕಾಗದದ ಮೇಲೆ ಪೆನ್ಸಿಲಿನಲ್ಲಿ ತಿದ್ದಿ, ಅದರ ಚಿತ್ರವನ್ನು ಮೊಬೈಲಿನಲ್ಲಿ ಕಳಿಸುವ ಹಿರಿಯರೂ ಇದ್ದಾರೆ. ನಮ್ಮ ಉಪನ್ಯಾಸಕಿಯವರು ಹಾಗೆಯೇ ಮಾಡಿದರು, ಮತ್ತು ಎಲ್ಲರಿಗಿಂತ ಎಚ್ಚರಿಕೆಯಿಂದ ಓದಿದವರೂ ಅವರೇ. ಅವರ ಹೆಸರಿನ ಪ್ರತಿಯೊಂದನ್ನು ತೆರೆದು, File > Options > General ಒಳಗೆ ಬಳಕೆದಾರರ ಹೆಸರನ್ನು ತಾತ್ಕಾಲಿಕವಾಗಿ ಬದಲಿಸಿ, ಅದರ ಕೆಳಗಿನ Always use these values regardless of sign in to Office ಎಂಬುದನ್ನೂ ಆರಿಸಿ, ತಿದ್ದುಪಡಿಗಳನ್ನು ನಾನೇ ಸೇರಿಸಿದೆ. ಮುಗಿದ ಮೇಲೆ ಹೆಸರನ್ನು ಮರಳಿ ಬದಲಿಸಲೇಬೇಕು, ಇಲ್ಲವಾದರೆ ನಿಮ್ಮ ನಿರ್ಧಾರಗಳೆಲ್ಲ ಅವರ ಹೆಸರಿಗೆ ಹೋಗುತ್ತವೆ.

ಒಂದೇ ಸಾಲಿನ ಬಗ್ಗೆ ನಾಲ್ವರು ನಾಲ್ಕು ಮಾತು ಹೇಳಿದರೆ?

ಇದೇ ಈ ಕೆಲಸದ ಹೃದಯ, ಆದ್ದರಿಂದ ನಿಧಾನವಾಗಿ ನೋಡೋಣ. ನಮ್ಮ v03ರ ನಾಲ್ಕನೆಯ ಪುಟದಲ್ಲಿ ಈ ವಾಕ್ಯವಿತ್ತು:

"100 ಚದರ ಮೀಟರ್ ತಾರಸಿಯಿಂದ ವರ್ಷಕ್ಕೆ 97,000 ಲೀಟರ್ ಮಳೆನೀರು ಸಿಗುತ್ತದೆ."

ಲೆಕ್ಕ ಸರಳ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಲೇಖಕರು ಬೆಂಗಳೂರಿನ ವಾರ್ಷಿಕ ಮಳೆಯನ್ನು 970 ಮಿಲಿಮೀಟರ್ ಎಂದು ಹಿಡಿದು 100ರಿಂದ ಗುಣಿಸಿದ್ದರು.

ಮೊದಲ ಎಂಜಿನಿಯರ್ 97,000 ಎಂಬುದನ್ನು ಹೊಡೆದು 77,600 ಎಂದು ಬರೆದರು. ಆವಿಯಾಗುವುದು, ಸೋರುವುದು, ಮೊದಲ ಮಳೆಯ ಕೊಳೆನೀರನ್ನು ಹೊರಬಿಡುವುದು ಎಲ್ಲ ಕಳೆದರೆ ನೂರಕ್ಕೆ 80 ಭಾಗ ಮಾತ್ರ ಕೈಗೆ ಬರುತ್ತದೆ ಎಂಬುದು ಅವರ ಟಿಪ್ಪಣಿ. ಎರಡನೆಯ ಎಂಜಿನಿಯರ್ ಸಂಖ್ಯೆಯನ್ನು ಮುಟ್ಟಲಿಲ್ಲ. "ತಾರಸಿಯಿಂದ" ಎಂಬುದನ್ನು "ತಾರಸಿಯ ಮೇಲೆ" ಎಂದೂ, "ಸಿಗುತ್ತದೆ" ಎಂಬುದನ್ನು "ಬೀಳುತ್ತದೆ" ಎಂದೂ ಬದಲಿಸಿದರು. ಉಪನ್ಯಾಸಕಿಯವರು ಸಾಮಾನ್ಯ ಓದುಗರಿಗೆ ಇಷ್ಟು ನಿಖರ ಅಂಕಿ ಬೇಡವೆಂದು 97,000ದ ಜಾಗದಲ್ಲಿ "ಸುಮಾರು ಒಂದು ಲಕ್ಷ" ಎಂದು ಬರೆದರು. ಖಜಾಂಚಿಯವರದು ಬರೀ ಟಿಪ್ಪಣಿ: "ಈ ಅಂಕಿಯನ್ನು ಬದಲಿಸಬೇಡಿ, ಮುಂದಿನ ಲೆಕ್ಕ ಇದರ ಮೇಲೆ ನಿಂತಿದೆ."

ಈಗ Accept All ಒತ್ತಿದರೆ ಏನಾಗುತ್ತದೆ? ವರ್ಡ್ ಇಬ್ಬರ ಸೇರ್ಪಡೆಯನ್ನೂ ಒಪ್ಪಿಕೊಂಡು 77,600 ಮತ್ತು ಸುಮಾರು ಒಂದು ಲಕ್ಷ ಎರಡನ್ನೂ ಅಕ್ಕಪಕ್ಕ ನಿಲ್ಲಿಸುತ್ತದೆ. ಇದು ಕಣ್ಣಿಗೆ ಕಾಣುವ ಘರ್ಷಣೆ, ಯಾರಾದರೂ ಹಿಡಿಯುತ್ತಾರೆ. ಇದಕ್ಕಿಂತ ಅಪಾಯಕಾರಿಯಾದದ್ದು ಇಬ್ಬರು ಎಂಜಿನಿಯರುಗಳ ತಿದ್ದುಪಡಿ. ಅವು ಬೇರೆ ಬೇರೆ ಪದಗಳ ಮೇಲಿವೆ, ಒಂದರ ಮೇಲೊಂದು ಬಿದ್ದಿಲ್ಲ. ಎರಡನ್ನೂ ಒಪ್ಪಿದರೆ "100 ಚದರ ಮೀಟರ್ ತಾರಸಿಯ ಮೇಲೆ ವರ್ಷಕ್ಕೆ 77,600 ಲೀಟರ್ ಮಳೆನೀರು ಬೀಳುತ್ತದೆ" ಎಂಬ ಅಚ್ಚುಕಟ್ಟಾದ ವಾಕ್ಯ ಸಿಗುತ್ತದೆ. ವ್ಯಾಕರಣ ಸರಿ, ಓದಲು ಚೆನ್ನ, ಆದರೆ ಅದು ಸುಳ್ಳು. ಬೀಳುವುದು 97,000, ಕೈಗೆ ಸಿಗುವುದು 77,600. ಇಬ್ಬರೂ ಅದೇ ತಪ್ಪನ್ನು ಕಂಡಿದ್ದರು. ಒಬ್ಬರು ಅಂಕಿಯನ್ನು ಬದಲಿಸಿ ಸರಿಪಡಿಸಿದರು, ಇನ್ನೊಬ್ಬರು ಕ್ರಿಯಾಪದವನ್ನು ಬದಲಿಸಿ ಸರಿಪಡಿಸಿದರು. ಒಂದೊಂದೇ ಸರಿ, ಕೂಡಿದರೆ ತಪ್ಪು. ಇಂಥ ಘರ್ಷಣೆಯನ್ನು ಯಾವ ತಂತ್ರಾಂಶವೂ ತೋರಿಸುವುದಿಲ್ಲ.

ಅದಕ್ಕಾಗಿಯೇ ನಾನು ಗುರುತು ಗುರುತಾಗಿ ಒಪ್ಪುವುದಿಲ್ಲ, ವಾಕ್ಯ ವಾಕ್ಯವಾಗಿ ನಿರ್ಧರಿಸುತ್ತೇನೆ. ಒಂದು ವಾಕ್ಯದಲ್ಲಿ ಇಬ್ಬರ ಹೆಸರು ಕಂಡರೆ ಅಲ್ಲಿಯ ಎಲ್ಲ ಗುರುತುಗಳನ್ನೂ Reject ಮಾಡಿ, ಮೂಲ ವಾಕ್ಯವನ್ನು ಮರಳಿ ತಂದು, ಟಿಪ್ಪಣಿಗಳನ್ನು ಎದುರಿಗಿಟ್ಟುಕೊಂಡು ನನ್ನ ಹೆಸರಿನಲ್ಲಿ ಹೊಸದಾಗಿ ಬರೆಯುತ್ತೇನೆ. merged ಪ್ರತಿ ಬೇರೆಯಾಗಿ ಉಳಿದಿರುವುದರಿಂದ ಯಾರ ಮಾತೂ ಕಳೆದುಹೋಗುವುದಿಲ್ಲ. ಆ ವಾಕ್ಯ v04ರಲ್ಲಿ ಹೀಗಾಯಿತು:

"100 ಚದರ ಮೀಟರ್ ತಾರಸಿಯ ಮೇಲೆ ವರ್ಷಕ್ಕೆ ಸುಮಾರು 97,000 ಲೀಟರ್ ಮಳೆ ಬೀಳುತ್ತದೆ, ಅದರಲ್ಲಿ ಸುಮಾರು 77,600 ಲೀಟರ್ ತೊಟ್ಟಿಗೆ ಬರುತ್ತದೆ."

ಉಪನ್ಯಾಸಕಿಯವರ "ಸುಮಾರು" ಉಳಿಯಿತು, "ಒಂದು ಲಕ್ಷ" ಹೋಯಿತು. ಬೀಳುವ ನೀರಿಗೆ ಒಂದು ಲಕ್ಷ ಎನ್ನಬಹುದಿತ್ತು, ಆದರೆ ಪಕ್ಕದಲ್ಲೇ 77,600 ಇದ್ದಾಗ ಎರಡಕ್ಕೂ ನಡುವಿನ ನೂರಕ್ಕೆ 80ರ ಸಂಬಂಧ ಓದುಗರಿಗೆ ಕಾಣದೆ ಹೋಗುತ್ತಿತ್ತು.

ಖಜಾಂಚಿಯವರ ಟಿಪ್ಪಣಿಯನ್ನು ಬದಿಗಿಟ್ಟದ್ದು ಸರಿಯೇ?

ಬದಿಗಿಡಲಿಲ್ಲ. ಅವರು ಬದಲಿಸಬೇಡಿ ಎಂದದ್ದನ್ನು ನಾವು ಒಪ್ಪಲಿಲ್ಲ, ಆದರೆ ಅವರು ಕೊಟ್ಟ ಎಚ್ಚರಿಕೆ ನಾಲ್ಕೂ ಟಿಪ್ಪಣಿಗಳಲ್ಲಿ ಹೆಚ್ಚು ಬೆಲೆಯುಳ್ಳದ್ದಾಗಿತ್ತು. 19ನೆಯ ಪುಟದಲ್ಲಿ "ವರ್ಷಕ್ಕೆ 16 ಟ್ಯಾಂಕರ್ ನೀರು ಉಳಿಯುತ್ತದೆ" ಎಂದಿತ್ತು. 97,000ವನ್ನು 6,000 ಲೀಟರಿನ ಟ್ಯಾಂಕರಿಗೆ ಭಾಗಿಸಿ ಬಂದ ಅಂಕಿ ಅದು. 77,600ರಿಂದ ಲೆಕ್ಕ ಹಾಕಿದರೆ 13 ಟ್ಯಾಂಕರೂ ತುಂಬುವುದಿಲ್ಲ. 19ನೆಯ ಪುಟದ ಆ ಸಾಲಿನಲ್ಲಿ ಯಾರೊಬ್ಬರ ಗುರುತೂ ಇರಲಿಲ್ಲ. ಹಿಂಬದಿ ರಕ್ಷಾಪುಟದಲ್ಲೂ ಅದೇ 16 ಇತ್ತು, ಅದನ್ನೂ ಯಾರೂ ಮುಟ್ಟಿರಲಿಲ್ಲ.

ಟ್ರ್ಯಾಕ್ ಚೇಂಜಸ್ ನಂಬಿ ಕೆಲಸ ಮಾಡುವವರು ಸೋಲುವುದು ಇಲ್ಲಿಯೇ: ಕಣ್ಣು ಬಣ್ಣದಿಂದ ಬಣ್ಣಕ್ಕೆ ಜಿಗಿಯುತ್ತದೆ, ಬಣ್ಣವಿಲ್ಲದ ಕಡೆ ನಿಲ್ಲುವುದಿಲ್ಲ. ಒಂದು ಅಂಕಿ, ಹೆಸರು ಅಥವಾ ದಿನಾಂಕ ಬದಲಾದ ಕೂಡಲೇ ಹಳೆಯದನ್ನು ಇಡೀ ಫೈಲಿನಲ್ಲಿ ಹುಡುಕಿ. ಅದರಿಂದ ಹುಟ್ಟಿದ ಅಂಕಿಗಳನ್ನೂ ಹುಡುಕಿ. 97,000 ಎಂದು ಹುಡುಕಿದರೆ 16 ಸಿಗುವುದಿಲ್ಲ. ಅದನ್ನು ಬಲ್ಲವರು ಲೆಕ್ಕ ಬರೆದವರು ಮಾತ್ರ, ಹಾಗಾಗಿ ಅವರನ್ನೇ ಕೇಳಿ.

ನಿರ್ಧಾರಗಳನ್ನು ಎಲ್ಲಿ ಬರೆದಿಡಬೇಕು?

ಟಿಪ್ಪಣಿಯ ಗುಳ್ಳೆಯೊಳಗಲ್ಲ. v04 ಶುಚಿಯಾದಾಗ ಅವು ಹೋಗಿಬಿಡುತ್ತವೆ. ಬೇರೊಂದು ಹಾಳೆಯಲ್ಲಿ, ಘರ್ಷಣೆ ಇದ್ದ ಜಾಗಗಳಿಗೆ ಮಾತ್ರ, ಒಂದೊಂದು ಸಾಲು ಬರೆಯಿರಿ: ಪುಟ, ಯಾರು ಏನು ಹೇಳಿದರು, ಏನು ತೀರ್ಮಾನವಾಯಿತು, ಏಕೆ, ತೀರ್ಮಾನಿಸಿದವರು ಯಾರು. ನಮ್ಮ ಕೈಪಿಡಿಯಲ್ಲಿ ಸುಮಾರು ಮುನ್ನೂರು ಗುರುತುಗಳಿದ್ದವು, ಹಾಳೆಗೆ ಬಂದದ್ದು 22 ಸಾಲು. ಕಾಗುಣಿತ, ಅಲ್ಪವಿರಾಮಗಳಿಗೆ ಸಾಲು ಬೇಡ.

"ಏಕೆ" ಎಂಬ ಕಲಂ ತುಂಬಲು ಬೇಸರವಾಗುತ್ತದೆ, ಆದರೂ ತುಂಬಿ. ಮುಂದಿನ ಸುತ್ತಿನಲ್ಲಿ ಅದೇ ಪರಿಶೀಲಕರು ಅದೇ ತಿದ್ದುಪಡಿಯನ್ನು ಮತ್ತೆ ಬರೆದಾಗ ತೋರಿಸಲು ಅದೊಂದೇ ಇರುತ್ತದೆ. ಹೋದ ವರ್ಷ ಬೇರೊಂದು ಸಂಘದ ವರದಿಯಲ್ಲಿ ನಾನು ಈ ಹಾಳೆಯನ್ನು ಇಡಲಿಲ್ಲ. ಒಂದು ಪದ ಮೂರು ಆವೃತ್ತಿಗಳಲ್ಲಿ ಮೂರು ಸಲ ಅತ್ತಿಂದಿತ್ತ ಓಡಾಡಿತು, ಕೊನೆಗೆ ಮುದ್ರಣವಾದ ರೂಪವನ್ನು ಯಾರೂ ಆರಿಸಿರಲಿಲ್ಲ.

ತೀರ್ಮಾನಿಸುವವರು ಯಾರು? ಹೆಚ್ಚು ಮತ ಬಿದ್ದದ್ದು ಗೆಲ್ಲುತ್ತದೆಯೇ?

ಮತ ಎಣಿಸಬೇಡಿ. ಅಂಕಿ ಸಂಗತಿಗಳಲ್ಲಿ ಆಧಾರ ಕೊಟ್ಟವರ ಮಾತು ನಡೆಯಬೇಕು. ಹಣದ ಮಾತು ಖಜಾಂಚಿಯವರದು. ಭಾಷೆಯ ವಿಷಯದಲ್ಲಿ "ತೊಟ್ಟಿ"ಯೋ "ಟ್ಯಾಂಕ್" ಎನ್ನುವುದೋ ಎಂಬಂಥ ಪ್ರಶ್ನೆಗಳಿಗೆ ಒಬ್ಬರನ್ನು ಮೊದಲೇ ನೇಮಿಸಿ, ಅವರು ಹೇಳಿದ್ದನ್ನು ಇಡೀ ಪುಸ್ತಕಕ್ಕೆ ಅನ್ವಯಿಸಿ. ಇವು ಯಾವುದಕ್ಕೂ ಸೇರದ ಎರಡು ಮೂರು ಪ್ರಶ್ನೆಗಳು ಉಳಿದೇ ಉಳಿಯುತ್ತವೆ. ಅವುಗಳಿಗೆ ಇಬ್ಬರನ್ನೂ ಒಂದೇ ಫೋನ್ ಕರೆಯಲ್ಲಿ ಸೇರಿಸಿ. ಬರಹದಲ್ಲಿ ಮೂರು ದಿನ ಎಳೆದಾಡಿದ್ದು ಮಾತಿನಲ್ಲಿ ಹತ್ತು ನಿಮಿಷಕ್ಕೆ ಮುಗಿಯುತ್ತದೆ.

ಕನ್ನಡ ಕರಡಿಗೆಂದೇ ಇರುವ ತೊಂದರೆಗಳೇನು?

ಮೂರು ಇವೆ. ಒಬ್ಬರು ಫೈಲನ್ನು ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಅಕ್ಷರ ವಿಧಾನಕ್ಕೆ ಒಯ್ದು, ತಿದ್ದಿ, ಮತ್ತೆ ಯೂನಿಕೋಡಿಗೆ ತಂದು ಕಳಿಸಿದರೆ ಹೋಲಿಕೆ ಕೆಡಬಹುದು. ಪರಿವರ್ತನೆಯಲ್ಲಿ ಕಣ್ಣಿಗೆ ಕಾಣದ ಜೋಡಕ ಚಿಹ್ನೆಗಳು ಸೇರುತ್ತವೆ ಅಥವಾ ಬಿದ್ದುಹೋಗುತ್ತವೆ. "ಕೊ" ಎಂಬುದರ ಒತ್ವ ಒಂದು ಚಿಹ್ನೆಯಾಗಿಯೂ ಇರಬಹುದು, ಎರಡು ಚಿಹ್ನೆಗಳ ಜೋಡಿಯಾಗಿಯೂ ಇರಬಹುದು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಂಡರೂ ಹೋಲಿಸುವ ತಂತ್ರಾಂಶಕ್ಕೆ ಅವು ಬೇರೆಯಾಗಬಹುದು. ಪದವನ್ನು ಹೊಡೆದು ಅದೇ ಪದವನ್ನು ಮತ್ತೆ ಬರೆದಂತೆ ಪುಟ ತುಂಬ ಕಂಡರೆ ಕಾರಣ ಇದೇ. ಅಂಥ ಪ್ರತಿಯನ್ನು ಕೂಡಿಸಲು ಹೋಗಬೇಡಿ. ಪಕ್ಕದಲ್ಲಿ ತೆರೆದಿಟ್ಟುಕೊಂಡು ಓದಿ, ನಿಜವಾದ ತಿದ್ದುಪಡಿಗಳನ್ನು ಮಾತ್ರ ಕೈಯಿಂದ ಸೇರಿಸಿ.

ಎರಡನೆಯದು ಗುಣಿತದ ತೊಂದರೆ. "ಮಾಡಿದೆ" ಎಂಬುದರಲ್ಲಿ ಕೊನೆಯ ಎತ್ವವನ್ನು ಮಾತ್ರ ಅಳಿಸಿ ಬೇರೆ ಸ್ವರಚಿಹ್ನೆ ಹಾಕಿದರೆ, ಅಕ್ಷರ ಒಬ್ಬರದು, ಅದರ ಚಿಹ್ನೆ ಇನ್ನೊಬ್ಬರದು ಆಗಿ ಒಡೆಯುತ್ತದೆ. ನಡುವೆ ಚುಕ್ಕೆಗಳ ವೃತ್ತ ಕಾಣಿಸಬಹುದು, ಅರ್ಧ ಒಪ್ಪಿದರೆ ಪದ ಹಾಳಾಗುತ್ತದೆ. ಆದ್ದರಿಂದ ಪತ್ರದಲ್ಲಿ ನಾನು ಬರೆಯುವ ಎರಡನೆಯ ಕೋರಿಕೆ ಇದು: ಒಂದು ಚಿಹ್ನೆ ತಪ್ಪಿದ್ದರೂ ಇಡೀ ಪದವನ್ನು ಅಳಿಸಿ ಮತ್ತೆ ಟೈಪ್ ಮಾಡಿ. ಕೂಡಿಸುವಾಗ Word level ಆರಿಸಿ ಎಂದದ್ದೂ ಇದಕ್ಕೇ.

ಮೂರನೆಯದು ಚಿಕ್ಕದು: ಕನ್ನಡ ಅಂಕಿಯೋ ಇಂಗ್ಲಿಷ್ ಅಂಕಿಯೋ ಎಂಬುದನ್ನು v01ರಲ್ಲೇ ತೀರ್ಮಾನಿಸಿ. ಇಲ್ಲದಿದ್ದರೆ ಹುಡುಕುವಾಗ ಅರ್ಧ ಸಿಗುವುದಿಲ್ಲ.

ಗೂಗಲ್ ಡಾಕ್ಸ್ ಬಳಸಿದರೆ ಇಷ್ಟೆಲ್ಲ ಬೇಕೇ?

ಕೂಡಿಸುವ ಕೆಲಸ ತಪ್ಪುತ್ತದೆ. ಎಲ್ಲರೂ Suggesting ಸ್ಥಿತಿಯಲ್ಲಿ ಒಂದೇ ಕಡೆ ತಿದ್ದುತ್ತಾರೆ, ಆದರೆ ಮೊದಲೇ ಹೇಳಿದಂತೆ ಒಬ್ಬರ ಮಾತು ಇನ್ನೊಬ್ಬರಿಗೆ ಕಾಣುತ್ತದೆ. ಅಲ್ಲಿ ಆವೃತ್ತಿಯ ಹೆಸರು ಫೈಲಿನ ಹೆಸರಲ್ಲ. ಪರಿಶೀಲನೆಗೆ ಬಿಡುವ ಮೊದಲು ಒಮ್ಮೆ, ನಿರ್ಧಾರ ಮುಗಿದ ಮೇಲೆ ಒಮ್ಮೆ File > Version history > Name current version ಒತ್ತಿ v03, v04 ಎಂದು ಹೆಸರಿಡಿ. ನಾಲ್ವರಿಗಿಂತ ಕಡಿಮೆ ಜನ, ಹತ್ತು ಪುಟದೊಳಗಿನ ಕರಡಾದರೆ ನಾನೂ ಇದನ್ನೇ ಬಳಸುತ್ತೇನೆ.

ಮುದ್ರಣಕ್ಕೆ ಕಳಿಸುವ ಪ್ರತಿ ನಿಜವಾಗಿಯೂ ಶುಚಿಯಾಗಿದೆ ಎಂದು ತಿಳಿಯುವುದು ಹೇಗೆ?

No Markup ಆರಿಸಿದರೆ ಗುರುತುಗಳು ಮರೆಯಾಗುತ್ತವೆ, ಆದರೆ ಫೈಲಿನೊಳಗೆ ಹಾಗೆಯೇ ಉಳಿದಿರುತ್ತವೆ. ಮುದ್ರಕರು ತೆರೆದಾಗ ಎಲ್ಲರ ವಾದವೂ ಅವರ ಪರದೆಯ ಮೇಲೆ ಬರಬಹುದು. Reviewing Pane ತೆರೆದು ಉಳಿದ ಬದಲಾವಣೆಗಳ ಎಣಿಕೆ ಸೊನ್ನೆ ಆಗಿದೆಯೇ ನೋಡಿ. ಆಮೇಲೆ ಒಂದು ನಕಲು ಪ್ರತಿಯ ಮೇಲೆ File > Info > Check for Issues > Inspect Document ನಡೆಸಿ, ಟಿಪ್ಪಣಿಗಳನ್ನು ತೆಗೆಯಿರಿ. ಮೂಲದ ಮೇಲೆ ನಡೆಸಬೇಡಿ, ಪರಿಶೀಲಕರ ಹೆಸರುಗಳು ಅಳಿಸಿಹೋಗುತ್ತವೆ.

ಕೊನೆಗೆ v03 ಮತ್ತು press ಪ್ರತಿಯನ್ನು Compare ಮಾಡಿ, ಬಂದ ಬದಲಾವಣೆಗಳ ಪಕ್ಕದಲ್ಲಿ ನಿರ್ಧಾರದ ಹಾಳೆಯನ್ನು ಇಟ್ಟು ಓದಿ. ಹಾಳೆಯ 22 ಸಾಲುಗಳೂ ಅಲ್ಲಿ ಕಾಣಬೇಕು. ನಮ್ಮ ಕೈಪಿಡಿಯಲ್ಲಿ 21 ಕಂಡವು. ರಕ್ಷಾಪುಟವನ್ನು ವಿನ್ಯಾಸಕಾರರು ಬೇರೆ ಫೈಲಿನಲ್ಲಿ ಇಟ್ಟುಕೊಂಡಿದ್ದರು, ಅದರಲ್ಲಿ ಇನ್ನೂ 16 ಟ್ಯಾಂಕರ್ ಎಂದೇ ಇತ್ತು. ಅಂದು ಸಂಜೆ ಅದನ್ನು ತಿದ್ದಿಸಿ, ಆ ಫೈಲಿಗೂ ಅದೇ ಆವೃತ್ತಿಯ ಹೆಸರು ಕೊಟ್ಟೆವು:

```
maleneeru_v07_press.docx
maleneeru_v07_press_cover.pdf
```